ಕಡ ತಂದದ್ದೋ, ಕಡ ಕೊಟ್ಟದ್ದೋ? ಕಚೇರಿಯ ಮೇಲ್‌ಗಳನ್ನು ನಾನು ತಿದ್ದುವ ಬಗೆ

ಕಾರವಾರದಲ್ಲಿ ರಸ್ತೆ, ಜಮೀನುಗಳ ಸರ್ವೆ ಮಾಡುವ ಒಂದು ಖಾಸಗಿ ಕಚೇರಿಯ ಆಡಳಿತ ನಾನು ನೋಡಿಕೊಳ್ಳುವುದು. ಶಿರಸಿಯಲ್ಲಿ ನಮ್ಮ ಶಾಖೆ ಇದೆ, ಅಂಕೋಲಾ ಕಡೆ ಆಗಾಗ ಸೈಟು ಬೀಳುತ್ತದೆ. ಟೋಟಲ್ ಸ್ಟೇಷನ್ ಎಂಬ ಅಳತೆಯ ಮಶಿನ್, ಅದರ ಜೊತೆಗಿನ ಟ್ರೈಪಾಡ್, ಪ್ರಿಸಮ್ ಎರಡೂ ಕಡೆಗೆ ಸಾಲುವಷ್ಟು ಇಲ್ಲ. ಹಾಗಾಗಿ ಸಾಮಾನೆಲ್ಲ ದೇವಿಮನೆ ಘಾಟಿ ಹತ್ತುತ್ತ ಇಳಿಯುತ್ತ ಇರುತ್ತದೆ. ಇದರ ಲೆಕ್ಕ ಮಾತ್ರ ಇಂಗ್ಲಿಷ್ ಮೇಲ್‌ನಲ್ಲೇ ಇರಬೇಕು, ಪ್ರತಿ ಪುಣೆಯ ಮುಖ್ಯ ಕಚೇರಿಗೆ ಹೋಗುತ್ತದೆ.

ಹುಡುಗರ ಇಂಗ್ಲಿಷ್ ತಿದ್ದುವ ಹುಚ್ಚು ನನಗಿಲ್ಲ. ಸ್ಪೆಲ್ಲಿಂಗ್ ತಪ್ಪಿದರೆ ಯಾರ ಗಂಟೂ ಹೋಗುವುದಿಲ್ಲ. ಆದರೆ ಮೂರು ಜೋಡಿ ಶಬ್ದಗಳನ್ನು ಮಾತ್ರ ನೋಡದೆ ಬಿಡುವುದಿಲ್ಲ: ಬ್ರಿಂಗ್ ಮತ್ತು ಟೇಕ್, ಲೆಂಡ್ ಮತ್ತು ಬಾರೋ, ಸೇ ಮತ್ತು ಟೆಲ್. ಅದರಲ್ಲೂ ಲೆಂಡ್-ಬಾರೋ ತಪ್ಪಿದರೆ ಸಾಮಾನಿನ ಯಜಮಾನನೇ ಬದಲಾಗುತ್ತಾನೆ.

ವರ್ಷಾಂತ್ಯದ ಲೆಕ್ಕದ ಹೊತ್ತಿಗೆ ಒಂದು ಮೇಲ್ ಹೀಗಿತ್ತು: ‘ವಿ ಹ್ಯಾವ್ ಲೆಂಟ್ ಒನ್ ಟ್ರೈಪಾಡ್ ಆ್ಯಂಡ್ ಟೂ ಪ್ರಿಸಮ್ಸ್ ಫ್ರಮ್ ಶಿರಸಿ ಆಫೀಸ್.’ ಬರೆದ ಹುಡುಗನ ಮನಸ್ಸಿನಲ್ಲಿದ್ದದ್ದು, ಶಿರಸಿಯಿಂದ ನಾವು ಕಡ ತಂದಿದ್ದೇವೆ ಎಂದು. ಪುಣೆಯ ಸ್ಟೋರಿನವರ ಕಣ್ಣಿಗೆ ಬಿದ್ದದ್ದು ‘ಲೆಂಟ್’ ಒಂದೇ. ಲೆಂಟ್ ಎಂದರೆ ಕೊಟ್ಟದ್ದು, ಕೊಟ್ಟವರು ಕಾರವಾರದವರು. ಹಾಗೆಂದು ಟ್ರೈಪಾಡನ್ನು ನಮ್ಮ ಆಸ್ತಿಯ ಕಾಲಮ್ಮಿಗೆ ಏರಿಸಿ, ಶಿರಸಿಯವರಿಂದ ವಾಪಸು ಬರಬೇಕು ಎಂದು ಷರಾ ಹಾಕಿದರು. ಶಿರಸಿಯವರು ಸುಮ್ಮನಿರುತ್ತಾರೆಯೇ? ‘ನಮ್ಮ ಸಾಮಾನು ನಿಮ್ಮಲ್ಲಿಟ್ಟುಕೊಂಡು ನಮ್ಮ ಹತ್ರವೇ ಕೇಳ್ತೀರಲ್ಲ, ಎಂತಕ್ಕೆ?’ ಎಂದು ಫೋನು ಬಂತು. ಸೀರಿಯಲ್ ನಂಬರ್ ತಾಳೆ ಹಾಕಿ, ರಿಜಿಸ್ಟರ್ ತಿದ್ದಿಸುವ ಹೊತ್ತಿಗೆ ಎರಡೂ ಕಚೇರಿಯವರ ಮುಖ ದಪ್ಪವಾಗಿತ್ತು.

ಆ ಹುಡುಗನಿಗೆ ನಾನು ವ್ಯಾಕರಣ ಹೇಳಲಿಲ್ಲ. ಇದನ್ನೇ ಮನೆಯಲ್ಲಿ ಹೇಗೆ ಹೇಳ್ತೀಯಾ ಎಂದು ಕೇಳಿದೆ.

‘ಶಿರಸಿಯಿಂದ ಕಡ ತಂದಿದ್ದೇವೆ ಸರ್.’

‘ಕಡ ಕೊಟ್ಟಿದ್ದೇವೆ ಅಂತ ಯಾಕೆ ಹೇಳಲಿಲ್ಲ?’

‘ಅದು ಉಲ್ಟಾ ಆಗ್ತದಲ್ಲ ಸರ್!’

ಅಷ್ಟೇ ವಿಷಯ. ನಮ್ಮಲ್ಲಿ ‘ಕಡ’ ಎರಡು ಕಡೆಗೂ ಒಂದೇ, ದಿಕ್ಕು ಹೇಳುವುದು ಅದರ ಹಿಂದೆ ಬರುವ ಕ್ರಿಯಾಪದ. ಇಂಗ್ಲಿಷಿನಲ್ಲಿ ದಿಕ್ಕು ಶಬ್ದದೊಳಗೇ ಕೂತಿದೆ. ಕಡ ಕೊಟ್ಟರೆ ಲೆಂಡ್, ಕಡ ತಂದರೆ ಬಾರೋ. ಶಾಲೆಯಲ್ಲಿ ಎರಡಕ್ಕೂ ‘ಸಾಲ’ ಎಂದು ಬರೆಸಿ ಕೈತೊಳೆದುಕೊಂಡದ್ದರ ಫಲ ಇದು.

ಮೇಲ್ ಕಳಿಸುವ ಮುಂಚೆ ಪಕ್ಕದ ಸಣ್ಣ ಶಬ್ದವನ್ನೂ ನೋಡಲು ಹೇಳಿದ್ದೇನೆ. ಬಾರೋ ಜೊತೆ ‘ಫ್ರಮ್’ ಬರುತ್ತದೆ, ಲೆಂಡ್ ಜೊತೆ ‘ಟು’ ಬರುತ್ತದೆ ಅಥವಾ ‘ಲೆಂಡ್ ಅಸ್’ ಎಂದು ನೇರವಾಗಿ ವ್ಯಕ್ತಿ ಬರುತ್ತಾರೆ. ‘ಲೆಂಟ್ ಫ್ರಮ್’ ಕಂಡರೆ ಅಲ್ಲೇ ನಿಲ್ಲಿ, ಎರಡರಲ್ಲೊಂದು ತಪ್ಪಿದೆ. ‘ಪ್ಲೀಸ್ ಬಾರೋ ಅಸ್ ಯುವರ್ ಚಾರ್ಜರ್’ ಕೂಡ ಹಾಗೆಯೇ. ಅಲ್ಲಿ ಕೇಳುತ್ತಿರುವುದು ಅವರು ಕೊಡಲಿ ಎಂದು, ಆದ್ದರಿಂದ ‘ಲೆಂಡ್ ಅಸ್’. ನಮ್ಮನ್ನೇ ಮುಂದಿಟ್ಟು ಕೇಳುವುದಾದರೆ ‘ಮೇ ವಿ ಬಾರೋ’. ಇನ್ನು ದುಡ್ಡು ಕೊಟ್ಟು ತಂದ ಜನರೇಟರಿಗೆ ಬಾರೋ ಬೇಡ, ಅದು ಬಾಡಿಗೆ, ‘ಹೈರ್’ ಎನ್ನಿ. ಬಾರೋ ಎಂದು ಬರೆದು ಆಮೇಲೆ ಬಿಲ್ಲು ಕಳಿಸಿದರೆ ಪುಣೆಯವರು ಹುಬ್ಬೇರಿಸುತ್ತಾರೆ.

ಬ್ರಿಂಗ್-ಟೇಕ್ ಇಷ್ಟು ಕಷ್ಟವಿಲ್ಲ, ಯಾಕೆಂದರೆ ತರು ಮತ್ತು ಒಯ್ಯು ನಮ್ಮಲ್ಲಿ ಬೇರೆಬೇರೆಯೇ ಇವೆ. ಕೊಂಕಣಿ ಮಾತಾಡುವವರಿಗೂ ಹಾಡ್ ಮತ್ತು ವ್ಹರ್ ಇವೆ. ಶಿರಸಿಯವರಿಗೆ ‘ನಾಳೆ ನಿಮ್ಮಲ್ಲಿಗೆ ಮಶಿನ್ ತರ್ತೇನೆ’ ಎನ್ನುತ್ತೇವಲ್ಲ, ಇಂಗ್ಲಿಷಿನಲ್ಲೂ ಅಲ್ಲಿ ಬ್ರಿಂಗ್ ಸರಿ. ಓದುವವನು ಇರುವಲ್ಲಿಗೆ ಹೋಗುತ್ತಿದೆ. ಎಡವುವುದು ಮೂರನೆಯ ಜಾಗ ಬಂದಾಗ.

ಕಾರವಾರದಿಂದ ನಮ್ಮ ಇಂಜಿನಿಯರ್ ಒಬ್ಬರು ಶಿರಸಿಗೆ ಬರೆದರು, ಸೋಮವಾರ ಟೋಟಲ್ ಸ್ಟೇಷನ್ ಅಂಕೋಲಾ ಸೈಟಿಗೆ ‘ಬ್ರಿಂಗ್’ ಮಾಡಿ ಎಂದು. ಅವರು ಸೋಮವಾರ ಕಾರವಾರದಲ್ಲೇ ಕೂತಿದ್ದರು. ಮಶಿನ್ ತಂದ ಹುಡುಗ ಮಾತ್ರ, ಸರ್ ಅಂಕೋಲಾದಲ್ಲಿ ಇರ್ತಾರೆ, ಹೆಚ್ಚುವರಿ ಬ್ಯಾಟರಿ, ಚಾರ್ಜರ್ ಎಲ್ಲ ಅವರೇ ತರ್ತಾರೆ ಎಂದು ತಿಳಿದು ಬರೀ ಮಶಿನ್ ಪೆಟ್ಟಿಗೆ ಹೊತ್ತು ಬಂದಿದ್ದ. ಮಧ್ಯಾಹ್ನಕ್ಕೆ ಬ್ಯಾಟರಿ ಸತ್ತು ಕೆಲಸ ನಿಂತಿತು. ಅವನನ್ನು ಬೈಯಲು ನನಗೆ ಮನಸ್ಸಾಗಲಿಲ್ಲ. ಬ್ರಿಂಗ್ ಎಂದರೆ ಬರೆದವನೋ ಓದಿದವನೋ ಆ ಹೊತ್ತಿಗೆ ಆ ಜಾಗದಲ್ಲಿ ಇರುತ್ತಾನೆ ಎನ್ನುವ ಸೂಚನೆ ಒಳಗೇ ಇರುತ್ತದೆ. ‘ಅಂಕೋಲಾಕ್ಕೆ ತಗೊಂಡು ಬಾ’ ಎಂದರೆ ನಾವೂ ಹಾಗೇ ತಿಳಿಯುತ್ತೇವಲ್ಲ. ಇಬ್ಬರೂ ಇರದ ಜಾಗಕ್ಕೆ ‘ತಗೊಂಡು ಹೋಗು’, ಅಂದರೆ ಟೇಕ್. ಮೂರು ಊರಿಗೆ ಒಂದೇ ಮೇಲ್ ಹೋಗುವಾಗ ಎರಡೂ ಬೇಡ ಎನ್ನುವುದು ನನ್ನ ಪದ್ಧತಿ. ಒಬ್ಬನಿಗೆ ತರುವುದು ಇನ್ನೊಬ್ಬನಿಗೆ ಒಯ್ಯುವುದಾಗಿ ಕಾಣುತ್ತದೆ. ‘ಮೂವ್ ಫ್ರಮ್ ಶಿರಸಿ ಟು ಅಂಕೋಲಾ’ ಎಂದು ಊರಿನ ಹೆಸರು ಹಾಕಿಬಿಟ್ಟರೆ ಯಾರು ಎಲ್ಲಿ ನಿಂತು ಓದಿದರೂ ಒಂದೇ ಅರ್ಥ.

ಸೇ-ಟೆಲ್ ವಿಷಯದಲ್ಲಿ ಒಂದು ಮಜಾ ಇದೆ. ನಮ್ಮ ಕೊಂಕಣಿ ಹುಡುಗಿಯರು ಇದನ್ನು ಕಡಿಮೆ ತಪ್ಪುತ್ತಾರೆ. ಅವರಿಗೆ ಮ್ಹಣ್ ಮತ್ತು ಸಾಂಗ್ ಎಂದು ಎರಡಿವೆ. ಕನ್ನಡದವರು ನಮಗೆ ‘ಹೇಳು’ ಒಂದೇ ಎಂದುಕೊಂಡು ‘ಕ್ಲೈಂಟ್ ಸೆಡ್ ಮಿ’, ‘ಹೀ ಟೋಲ್ಡ್ ದ್ಯಾಟ್’ ಎಂದು ಬರೆಯುತ್ತಾರೆ. ಒಂದೇ ಎಲ್ಲಿ? ‘ಅನ್ನು’ ಇದೆಯಲ್ಲ! ‘ನಾಳೆ ಬರ್ತೇನೆ ಅಂದರು’ ಎನ್ನುವಾಗ ಯಾರಿಗೆ ಎಂಬುದು ಬೇಡ, ಮಾತು ಮುಖ್ಯ. ಅದು ಸೇ. ‘ನನಗೆ ಹೇಳಿದರು’ ಎನ್ನುವಾಗ ಕೇಳಿಸಿಕೊಂಡವರು ಬೇಕು. ಅದು ಟೆಲ್, ಅದರ ಬೆನ್ನಿಗೇ ಮಿ, ಅಸ್, ಅಥವಾ ಒಬ್ಬರ ಹೆಸರು ಬರಲೇಬೇಕು. ‘ನನಗೆ’ ಎಂಬುದರ ‘ಗೆ’ ನೋಡಿ ‘ಟೋಲ್ಡ್ ಟು ಮಿ’ ಎನ್ನುವವರೂ ಇದ್ದಾರೆ. ಆ ‘ಟು’ ಸೇ ಜೊತೆ ಸರಿ, ಟೆಲ್ ಜೊತೆ ಬೇಡ.

ಕಾಗದ ಮಾತಾಡಿದರೆ ಸೇ: ‘ದ ಲೆಟರ್ ಸೇಸ್’. ಕೆಲಸ ಹೇಳಿದರೆ ಟೆಲ್: ‘ದೇ ಟೋಲ್ಡ್ ಅಸ್ ಟು ವೇಟ್’. ಇಷ್ಟು ಗೊತ್ತಿದ್ದರೆ ಸೈಟಿನಿಂದ ಬರುವ ಹೆಚ್ಚಿನ ಮೇಲ್ ದಾಟಿಹೋಗುತ್ತದೆ. ‘ಟೆಲ್ ದ ಟ್ರೂತ್’, ‘ಟೆಲ್ ದ ಡಿಫರೆನ್ಸ್’ ಥರದವು ವ್ಯಕ್ತಿ ಇಲ್ಲದೆಯೂ ನಡೆಯುತ್ತವೆ. ಅವು ಸಿದ್ಧಪಾಠಗಳು, ಹಾಗೇ ಬಾಯಿಪಾಠ ಆಗಬೇಕು.

ಆ ಟ್ರೈಪಾಡಿನ ಮೇಲ್ ಈಗ ನಮ್ಮಲ್ಲಿ ಹೀಗೆ ಹೋಗುತ್ತದೆ: ‘ವಿ ಹ್ಯಾವ್ ಬಾರೋಡ್ ಒನ್ ಟ್ರೈಪಾಡ್ ಆ್ಯಂಡ್ ಟೂ ಪ್ರಿಸಮ್ಸ್ ಫ್ರಮ್ ಶಿರಸಿ ಆಫೀಸ್. ಓನರ್: ಶಿರಸಿ.’ ಕೊನೆಯ ಎರಡು ಶಬ್ದ ನಾನು ಸೇರಿಸಿದ್ದು. ಬರೆಯುವವನು ಲೆಂಡ್-ಬಾರೋ ಮತ್ತೆ ಉಲ್ಟಾ ಮಾಡಿದರೂ ಸ್ಟೋರಿನವರು ಆ ಸಾಲು ನೋಡಿ ಕಾಲಮ್ ಆರಿಸುತ್ತಾರೆ.