‘ಕೇವಲ ಗೊಬ್ಬರವಲ್ಲ’ ಅನ್ನೋದನ್ನು ನಾನು ಹೇಗೆ ಕಿತ್ತೆ

ಎಐ ಬರೆದ ಕರಡುಗಳನ್ನು ತಿದ್ದುವುದು ಈಗ ನನ್ನ ದಿನದ ಕೆಲಸ. ಮೊನ್ನೆ ಕಾಂಪೋಸ್ಟ್ ಬಗ್ಗೆ ಒಂದು ಬರಹ ಬಂತು. ಮೊದಲ ಸಾಲೇ ಹೀಗಿತ್ತು: ‘ಕಾಂಪೋಸ್ಟ್ ಎಂದರೆ ಕೇವಲ ಗೊಬ್ಬರವಲ್ಲ, ಅದು ಮಣ್ಣಿನ ಜೀವಾಳ.’ ಎರಡು ಪುಟದಲ್ಲಿ ಇಂಥ ‘ಅದಲ್ಲ, ಇದು’ ವಾಕ್ಯಗಳು ಒಂಬತ್ತು.

ಇವನ್ನು ಹುಡುಕೋದೇ ಮೊದಲ ತಲೆನೋವು. ಕನ್ನಡದಲ್ಲಿ ‘ಅಲ್ಲ’ ಹಿಂದಿನ ಪದಕ್ಕೆ ಅಂಟಿಕೊಂಡು ಬಿಡುತ್ತದೆ: ಗೊಬ್ಬರವಲ್ಲ, ಹುಳುಗಳಲ್ಲ, ಮಾತ್ರವಲ್ಲ. ‘ಲ್ಲ’ ಅಂತ ಹುಡುಕಿದರೆ ‘ಮನೆಯಲ್ಲಿ’, ‘ಮಣ್ಣಿನಲ್ಲಿ’ ಎಲ್ಲ ಸಾಲಾಗಿ ಬರುತ್ತವೆ, ಯಾಕಂದರೆ ‘ಲ್ಲಿ’ ಒಳಗೂ ಅದೇ ‘ಲ್ಲ’ ಇದೆ. ಕೊನೆಗೆ ಅಲ್ಪವಿರಾಮ ಸೇರಿಸಿ ಹುಡುಕಿದೆ:

```
ಲ್ಲ,
```

‘ಲ್ಲಿ’ಗಳ ಕಾಟ ತಪ್ಪಿತು. ‘ಇಲ್ಲ,’ ಕೆಲವು ಬರುತ್ತವೆ, ಬರಲಿ. ಆಮೇಲೆ ‘ಲ್ಲ.’ ಅಂತಲೂ ನೋಡಬೇಕು, ‘ಇದು ಗೊಬ್ಬರವಲ್ಲ. ಇದು ಜೀವಾಳ.’ ಅಂತ ಒಂದೇ ಮಾತನ್ನು ಎಐ ಎರಡು ವಾಕ್ಯ ಮಾಡಿ ಇಟ್ಟಿರುತ್ತದೆ.

ಸಿಕ್ಕ ಪ್ರತಿ ಕಡೆ ನಾನು ಕೇಳಿಕೊಂಡ ಪ್ರಶ್ನೆ ಒಂದೇ: ‘ಅಲ್ಲ’ ಅಂದದ್ದನ್ನು ‘ಹೌದು’ ಅಂದುಕೊಂಡವರು ಯಾರಾದರೂ ಇದ್ದಾರಾ? ಕಾಂಪೋಸ್ಟ್ ಬರೀ ಗೊಬ್ಬರ ಅಂತ ಯಾರೂ ಜಗಳ ತೆಗೆದಿರಲಿಲ್ಲ. ಸರಿ, ಮೊದಲರ್ಧ ಹೊಡೆದು ಹಾಕಿದೆ. ಉಳಿದದ್ದು ‘ಕಾಂಪೋಸ್ಟ್ ಮಣ್ಣಿನ ಜೀವಾಳ’. ಓದಿದರೆ ಏನೂ ತಿಳಿಯುವುದಿಲ್ಲ, ಆ ‘ಅಲ್ಲ’ದ ಅಬ್ಬರದಲ್ಲಿ ಇಷ್ಟು ಹೊತ್ತು ಅದು ಕಂಡಿರಲಿಲ್ಲ ಅಷ್ಟೆ. ಆಮೇಲೆ ಹೀಗೆ ಬರೆದೆ: ‘ಕಾಂಪೋಸ್ಟ್ ಬೆರೆತ ಮಣ್ಣು ನೀರನ್ನು ಜಾಸ್ತಿ ಹೊತ್ತು ಹಿಡಿದಿಟ್ಟುಕೊಳ್ಳುತ್ತದೆ.’

‘ವಾಸನೆಗೆ ಕಾರಣ ಹುಳುಗಳಲ್ಲ, ಗಾಳಿಯಾಡದಿರುವುದು’ ಅನ್ನೋದನ್ನು ಮಾತ್ರ ಮುಟ್ಟಲಿಲ್ಲ. ಹುಳು ಕಂಡ ತಕ್ಷಣ ಅದರ ಮೇಲೆ ತಪ್ಪು ಹೊರಿಸುವವರು ನಿಜಕ್ಕೂ ಇದ್ದಾರೆ, ಅವರಿಗೆ ಆ ‘ಅಲ್ಲ’ ಬೇಕು.

‘ಮಾತ್ರವಲ್ಲದೆ... ಕೂಡ’ ತಿದ್ದೋದು ಸುಲಭ. ‘ಕಸ ಕಡಿಮೆಯಾಗುವುದು ಮಾತ್ರವಲ್ಲದೆ ಗಿಡಗಳಿಗೆ ಪೋಷಕಾಂಶ ಕೂಡ ದೊರೆಯುತ್ತದೆ’ ಅಂತಿತ್ತು. ಇದಕ್ಕೆ ನಮ್ಮ ಹತ್ತಿರ ಒಂದು ಪುಟ್ಟ ‘ಊ’ ಇದೆಯಲ್ವಾ: ‘ಕಸವೂ ಕಡಿಮೆಯಾಗುತ್ತದೆ, ಗಿಡಕ್ಕೆ ಗೊಬ್ಬರವೂ ಸಿಗುತ್ತದೆ.’ ಎರಡಕ್ಕೂ ಸಮ ತೂಕ. ಮೊದಲನೆಯದು ಎಲ್ಲರಿಗೂ ಗೊತ್ತಿರುವ ವಿಷಯವಾದರೆ ಅದನ್ನು ಸುಮ್ನೆ ಬಿಟ್ಟುಬಿಡುತ್ತೇನೆ.

ಒಮ್ಮೆ ಎಐಗೆ ಕೊಡುವ ಸೂಚನೆಯಲ್ಲೇ ‘ಅಲ್ಲ’ ಬಳಸಬೇಡ ಅಂತ ಹಾಕಿ ನೋಡಿದೆ. ‘ಗೊಬ್ಬರವನ್ನೂ ಮೀರಿದ ಜೀವಾಳ’ ಅಂತ ಬಂತು. ಈಗ ‘ಮೀರಿ’, ‘ಬದಲಿಗೆ’ ಎರಡೂ ನನ್ನ ಹುಡುಕುವ ಪಟ್ಟಿಯಲ್ಲಿವೆ.