ತಳದ ಮ್ಯಾಲಿನ ವರ್ಷ ನೋಡಿ ಆಟಿಗಿ ಕಾರಿನ ವಯಸ್ಸು ಹೇಳಬ್ಯಾಡ್ರಿ: ಒಂದು ಮ್ಯಾಚ್‌ಬಾಕ್ಸ್ ಪೋರ್ಶೆ ಗುರುತಿಸಿದ್ದು

ನಾನು ಬೆಳಗಾವಿ ಉದ್ಯಮಬಾಗದಾಗ ಡೈ ಫಿಟಿಂಗ್ ಕೆಲಸ ಮಾಡಾಂವ, ಆಟಿಗಿ ಕಾರು ಕೂಡಿಸೋ ಹುಚ್ಚು ನಂಗಷ್ಟೇನೂ ಇಲ್ಲ, ಆದ್ರ ಡೈ, ಅಂದ್ರ ಲೋಹ ಎರಕ ಹೊಯ್ಯೋ ಅಚ್ಚು, ಓದಾಕ ಬರ್ತೈತಿ ಅಂತ ಕಲೆಕ್ಟರ್ ಮಂದಿ ನನ್ನ ಹತ್ರ ಬರ್ತಾರ. ಬಂದವ್ರೆಲ್ಲಾ ಮೊದ್ಲು ಕಳ್ಸೋದು ಕಾರಿನ ಮ್ಯಾಲಿನ ಫೋಟೋ, ಬಣ್ಣ ಬಾಳ ಚಂದ ಕಾಣೋ ಹಂಗ. ನಾ ಹೇಳೋದು ಒಂದ, ಉಲ್ಟಾ ಮಾಡಿ ತಳದ ಫೋಟೋ ಕಳ್ಸ್ರಿ, ಬಣ್ಣ ಯಾವಾಗ ಬೇಕಾದ್ರೂ ಯಾರ ಬೇಕಾದ್ರೂ ಹೊಡೀತಾರ.

ವಿಜಯಪುರದ ಒಬ್ರು ಕಾಕಾ ಅದಾರ, ರಿಟೈರ್ಡ್, ಮ್ಯಾಚ್‌ಬಾಕ್ಸ್ ಅನ್ನೋ ಬ್ರ್ಯಾಂಡಿನ ಹಳೇ ಆಟಿಗಿ ಕಾರು ಅಂದ್ರ ಜೀವ. ಅವ್ರು ಒಂದು ಪೋರ್ಶೆ ಟರ್ಬೋ ತಗೊಂಡಿದ್ರು, ಮಾರಿದಾಂವ "ಸರ್, 1978ರ ಇಂಗ್ಲೆಂಡ್ ಪೀಸ್, ಲೆಸ್ನಿ ಕಂಪನಿದು, 1:64 ಸ್ಕೇಲ್" ಅಂತ ಹೇಳಿ ರೊಕ್ಕ ಸ್ವಲ್ಪ ಜಾಸ್ತಿನ ತಗೊಂಡಿದ್ದ. ಕಾಕಾ ಬಸ್ಸಿಗೆ ಕೂತು ಕಾರನ್ನ ಅರಿವ್ಯಾಗ ಸುತ್ಕೊಂಡು ತಂದು ಕೈಯಾಗ ಕೊಟ್ಟು, "ತಮ್ಮಾ, ಇದರ ಕಾರ್ಡ್ ಬರದು ಕೊಡು, ಮಾಡೆಲ್ಲು, ವರ್ಷ, ಸ್ಕೇಲು, ಮೂರೂ ಬೇಕು" ಅಂದ್ರು. ಸ್ಕೇಲ್ ಅಂದ್ರ ಖರೇ ಗಾಡಿಗಿಂತ ಆಟಿಗಿ ಎಷ್ಟು ಪಟ್ಟು ಸಣ್ಣದು ಅನ್ನೋದು.

ಮೊದ್ಲು ಅಕ್ಷರ ಓದಾಕ ಬರ್ಬೇಕಲ್ಲ. ಎಷ್ಟೋ ವರ್ಷದ ಎಣ್ಣಿ ಧೂಳು ಸೇರಿ ಅಕ್ಷರದ ಸಂದ್ಯಾಗ ಗಟ್ಟಿ ಕೂತಿತ್ತು. ಮೆತ್ತನ್ನ ಹಲ್ಲುಜ್ಜೋ ಬ್ರಶ್ಶು, ಪಾತ್ರಿ ತೊಳ್ಯೋ ಸೋಪಿನ ನೀರು ಎರಡು ಹನಿ, ಅಷ್ಟ ಸಾಕು, ಸ್ಟಿಕ್ಕರ್ ಇದ್ದ ಕಡೆ ನೀರು ಮುಟ್ಟಿಸಬಾರ್ದು. ಒಂದು ಮಾತು ಹೇಳ್ತೇನಿ, ನಮ್ಮ ಮನ್ಯಾಗ ಹಿತ್ತಾಳಿ ತಂಬಗಿ ತಿಕ್ಕಿದಂಗ ಹುಣಸಿಹಣ್ಣು, ಲಿಂಬಿಹಣ್ಣು ಹಾಕಿ ತಿಕ್ಕೋವ್ರು ಅದಾರ, ದಯಮಾಡಿ ಬ್ಯಾಡ್ರಿ. ಈ ಕಾರಿನ ಮೈಯೆಲ್ಲಾ ಜಮಾಕ್, ಅಂದ್ರ ಹೆಚ್ಚಿಗೆ ಸತುವು, ಹುಳಿ ಬಿದ್ರ ಸತುವು ತಿಂದು ಹೋಗ್ತೈತಿ, ಮ್ಯಾಲ ಕರ್ರಗ ಆಗಿ ಅಕ್ಷರದ ಅಂಚ ಅಳಿಸಿ ಹೋಗ್ತಾವ.

ತೊಳದು ಒಣಗಿಸಿದ ಮ್ಯಾಲ ನಾ ಮಾಡೋದು ಇಷ್ಟ, ಕ್ವಾಣಿ ಕತ್ತಲ ಮಾಡಿ ಮೊಬೈಲ್ ಟಾರ್ಚ್ ಪಕ್ಕದಿಂದ ಹಿಡೀತೇನಿ, ನೇರ ಮ್ಯಾಲಿಂದ ಅಲ್ಲ, ತಳಕ್ಕ ಸಮಾ ಮಲಗಿಸಿದಂಗ. ಉಬ್ಬಿದ ಅಕ್ಷರದ ಒಂದು ಬದಿಗೆ ನೆರಳು ಬೀಳ್ತೈತಿ, ನೇರ ಬೆಳಕಿನ್ಯಾಗ ಕಾಣದ್ದು ಆಗ ಕಾಣ್ತೈತಿ. ಅದೂ ಸಾಕಾಗ್ಲಿಲ್ಲಾ ಅಂದ್ರ ಬೇಬಿ ಪೌಡರ್ ಸವರಿ ಮ್ಯಾಲಿಂದಷ್ಟ ಒರಸ್ರಿ, ತಗ್ಗಿನ್ಯಾಗ ಬಿಳಿ ಉಳದು ಅಕ್ಷರ ಎದ್ದು ನಿಲ್ತಾವ. ತೆಳುವಾದ ಕಾಗದ ಇಟ್ಟು ಪೆನ್ಸಿಲ್ ಅಡ್ಡ ಮಾಡಿ ಉಜ್ಜಿದ್ರೂ ಬರ್ತೈತಿ, ಸಣ್ಣಾವ್ರಿದ್ದಾಗ ನಾಣ್ಯದ ಮ್ಯಾಲ ಉಜ್ಜತಿದ್ವಲ್ಲ ಅದ.

ಕಾಕಾನ ಪೋರ್ಶೆ ಮ್ಯಾಲ ಬಂದದ್ದು ಏನಂದ್ರ, ಮ್ಯಾಚ್‌ಬಾಕ್ಸ್ ಅನ್ನೋ ಹೆಸರು, ಕಾರಿನ ಹೆಸರು ಪೋರ್ಶೆ ಟರ್ಬೋ, ಕಾಪಿರೈಟ್ ಚಿಹ್ನಿ ಮುಂದ 1978, ಕಂಪನಿ ಹೆಸರಿನ ಜಾಗಾದಾಗ ಮ್ಯಾಚ್‌ಬಾಕ್ಸ್ ಇಂಟರ್‌ನ್ಯಾಷನಲ್, ಕಡೀಗೆ ಮೇಡ್ ಇನ್ ಮಕಾವ್. ಲೆಸ್ನಿನೂ ಇಲ್ಲ, ಇಂಗ್ಲೆಂಡೂ ಇಲ್ಲ. ಮಾರಿದಾಂವ 1978 ಅಂತ ಹೇಳಿದ್ದು ಸುಳ್ಳಲ್ಲ, ಅದು ಐತಿ ಬರದದ್ದು, ಆದ್ರ ಅದರ ಅರ್ಥ ಅವ ಹೇಳಿದ್ದಲ್ಲ.

ಇಲ್ಲೆ ನನ್ನ ಕೆಲಸದ ಮಾತು ಬರ್ತೈತಿ, ಸ್ವಲ್ಪ ತಾಳ್ಮಿಯಿಂದ ಕೇಳ್ರಿ. ಕಾರಿನ ಮ್ಯಾಲ ಉಬ್ಬಿದ ಅಕ್ಷರ ಅಂದ್ರ ಡೈಯಾಗ ಅದು ತಗ್ಗು. ಡೈಯಾಗ ಹೊಸ ಅಕ್ಷರ ಕೊರ್ಯೋದು ಸಲೀಸು, ಕೊರದಿದ್ದನ್ನ ಅಳಸೋದು ಕಷ್ಟ, ವೆಲ್ಡ್ ಹಾಕಿ ತುಂಬಿ ಮತ್ತ ಗ್ರೈಂಡ್ ಮಾಡ್ಬೇಕು, ಇಲ್ಲಾ ಆ ಜಾಗಾ ಚೌಕಾಗಿ ಕತ್ತರಿಸಿ ಬ್ಯಾರೆ ಇನ್ಸರ್ಟ್ ಕೂಡಿಸ್ಬೇಕು. ಹಂಗಾಗಿ ಯಾವ ಕಂಪನಿನೂ ಬೇಕಿಲ್ಲದ್ದನ್ನ ಮುಟ್ಟಂಗಿಲ್ಲ. ಕಾಪಿರೈಟ್ ವರ್ಷ ಡಿಸೈನ್ ತಯಾರಾದಾಗ ಹಾಕಿದ್ದು, ಕಾರು ಎಷ್ಟು ವರ್ಷ ಅಚ್ಚಾದ್ರೂ ಅದು ಹಂಗ ಇರ್ತೈತಿ. ಆದ್ರ ಮಾಲೀಕ ಬದಲಾದ್ರ, ಫ್ಯಾಕ್ಟರಿ ಬ್ಯಾರೆ ದೇಶಕ್ಕ ಹೋದ್ರ, ಆ ಸಾಲು ತಿದ್ದಲೇಬೇಕು. ಅದಕ್ಕ ತಳದಾಗಿನ ಎಲ್ಲಾ ಸಾಲು ಒಂದ ದಿನದ್ದಲ್ಲ, ವರ್ಷ ಎಲ್ಲಾಕ್ಕಿಂತ ಹಳೇದು, ದೇಶದ ಹೆಸರು ಎಲ್ಲಾಕ್ಕಿಂತ ಹೊಸಾದು. ನಾ ಯಾವಾಗ್ಲೂ ದೇಶದಿಂದ ಸುರು ಮಾಡಿ ಹಿಂದಕ್ಕ ಓದ್ತೇನಿ. ದೇಶದ ಹೆಸರಿನ ಸುತ್ತ ಟಾರ್ಚ್ ಹಿಡದ್ರ ಎಷ್ಟೋ ಸಲ ಒಂದು ಚೌಕದ ಗೆರಿ, ಇಲ್ಲಾ ನುಣುಪು ಕಡಿಮಿ ಇದ್ದ ಪಟ್ಟಿ ಕಾಣ್ತೈತಿ, ತಿದ್ದಿದ ಗುರ್ತು ಅದು.

ಈಗ ಇತಿಹಾಸ ಜೋಡ್ಸಿ ನೋಡ್ರಿ. ಲೆಸ್ನಿ ಅನ್ನೋದು ಇಂಗ್ಲೆಂಡಿನ ಕಂಪನಿ, 1947ರಾಗ ಹುಟ್ಟಿದ್ದು, 1953ರಿಂದ ಈ ಸಣ್ಣ ಮ್ಯಾಚ್‌ಬಾಕ್ಸ್ ಕಾರು ಮಾಡಿದ್ದು. 1982ರಾಗ ದಿವಾಳಿ ಆತು, ಹಾಂಗ್‌ಕಾಂಗಿನ ಯುನಿವರ್ಸಲ್ ಅನ್ನೋರು ತಗೊಂಡ್ರು, ಆಮ್ಯಾಲ ಕೆಲಸ ಮಕಾವ್ ಕಡೆ, ಚೀನಾ ಕಡೆ ಹೋತು. 1992ರಾಗ ಟೈಕೋ, 1997ರಾಗ ಮ್ಯಾಟೆಲ್ ಕೈಗೆ. ಅಂದ್ರ ಮಕಾವ್ ಅಂತ ಇದ್ದ ಪೋರ್ಶೆ 1978ರಾಗ ಅಚ್ಚಾಗಿರಾಕ ದಾರಿನ ಇಲ್ಲ, 1982ರ ನಂತರದ್ದು. ಇದಕ್ಕಿಂತ ಬಿಗಿಯಾಗಿ ಇಂಥಾದ್ದ ವರ್ಷ ಅಂತ ತಳ ಒಂದ ನೋಡಿ ಯಾರರೆ ಹೇಳಿದ್ರ ನಂಬಬ್ಯಾಡ್ರಿ, ಅದಕ್ಕ ಗಾಲಿ ನಮೂನಿ, ಬಣ್ಣ, ಮ್ಯಾಲಿನ ಪ್ರಿಂಟು ಎಲ್ಲಾ ಕೂಡಿಸಿ ನೋಡ್ಬೇಕು.

ನಂಬರ್ ವಿಷಯನೂ ಹಂಗ. ಲೆಸ್ನಿ ಕಾಲದ ಪೋರ್ಶೆ ತಳದಾಗ ನಂಬರ್ 3 ಅಂತ ಇರ್ತೈತಿ. ಆದ್ರ 3 ಅನ್ನೋದು ಆ ಕಾರಿನ ಸ್ವಂತ ನಂಬರ್ ಅಲ್ಲ, 1ರಿಂದ 75ರ ತನಕದ ಸಾಲಿನ್ಯಾಗ ಒಂದು ಕುರ್ಚಿ ಅಷ್ಟ. ಅದ 3ರಾಗ ಮೊದ್ಲು ಮರ್ಸಿಡಿಸ್ ಆಂಬುಲೆನ್ಸ್ ಇತ್ತು, ಆಮ್ಯಾಲ ಮಾಂಟೆವೆರ್ಡಿ ಹಾಯ್ ಬಂತು, ಆಮ್ಯಾಲ ಪೋರ್ಶೆ. ಮುಂದ ಅಮೆರಿಕಾಕ್ಕ ಬ್ಯಾರೆ ನಂಬರು, ಉಳದ ದೇಶಕ್ಕ ಬ್ಯಾರೆ ನಂಬರು ಅಂತ ಮಾಡಿದ್ರು. ಕಾಕಾನ ಪೀಸಿನ್ಯಾಗ ನಂಬರ್ ಇರ್ಲೇ ಇಲ್ಲ. ಬರೇ ನಂಬರ್ ಹಾಕಿ ಹುಡ್ಕಿದ್ರ ಬ್ಯಾರೆನ ಕಾರು ಬರ್ತೈತಿ, ಹೆಸರು, ವರ್ಷ ಕೂಡಿಸಿ ಹುಡುಕ್ರಿ.

ಹೊಸ ಹುಡುಗ್ರಿಗೆ ಒಂದು ಮಾತು, ಹಾಟ್‌ವೀಲ್ಸ್‌ದಾಗ 2008ರಿಂದ ಅಚ್ಚಾದ ದಿನಾನ ತಳದಾಗ ಒತ್ತಿರ್ತಾರ, ಒಂದು ಇಂಗ್ಲಿಷ್ ಅಕ್ಷರ, ಎರಡು ಅಂಕಿ. ಅಕ್ಷರ ವರ್ಷಕ್ಕ, ಅಂಕಿ ವಾರಕ್ಕ. ಎ ಅಂದ್ರ 2008, ಐ ಬಿಟ್ಟಾರ, ಹಂಗಾಗಿ ಜೆ 2016, ಕೆ 2017. ಕೆ 23 ಅಂತಿದ್ರ 2017ರ ಇಪ್ಪತ್ಮೂರನೇ ವಾರ. ಪಕ್ಕದಾಗಿನ ಕಾಪಿರೈಟ್ ವರ್ಷ ಬ್ಯಾರೆನ ಇರ್ಬಹುದು, ಗಾಬರಿ ಆಗಬ್ಯಾಡ್ರಿ.

ಇನ್ನ ಸ್ಕೇಲು. ಟೊಮಿಕಾ ಆಗ್ಲಿ ಮೇಜೊರೆಟ್ ಆಗ್ಲಿ, ಈ ಬ್ರ್ಯಾಂಡಿನವ್ರು ತಳದಾಗ ಸ್ಕೇಲ್ ಬರದ ಬಿಡ್ತಾರ, ಮೇಜೊರೆಟ್ಟಿನ ನಂಬರ್ 209 ಪೋರ್ಶೆ ಮ್ಯಾಲ 1/57 ಅಂತನ ಐತಿ. ಕಾಕಾನ ಕಾರಿನ ಮ್ಯಾಲ ಓದಾಕ ಏನೂ ಸಿಗ್ಲಿಲ್ಲ. ಹಂಗಿದ್ದಾಗ ಅಳತಿ ತಗೋಬೇಕು, ಉದ್ದ ಅಲ್ಲ, ವೀಲ್‌ಬೇಸು. ಉದ್ದದಾಗ ಬಂಪರ್ರು ಸ್ಪಾಯ್ಲರ್ರು ದಪ್ಪ ಮಾಡಿರ್ತಾರ, ಅಗಲದಾಗ ಗಾಲಿ ಹೊರಗ ಬಂದಿರ್ತಾವ, ಎರಡೂ ಮೋಸ ಮಾಡ್ತಾವ. ಎರಡು ಆಕ್ಸಲ್ ನಡುವಿನ ದೂರ ಮಾತ್ರ ಸಾಮಾನ್ಯವಾಗಿ ನಿಯತ್ತಿಂದ ಇರ್ತೈತಿ. ತಳದ ಸಂದ್ಯಾಗ ಆಕ್ಸಲ್ ತಂತಿ ಕಾಣ್ತೈತಲ್ಲ, ಮುಂದಿನ ತಂತಿಯ ಮುಂದಿನ ಅಂಚಿನಿಂದ ಹಿಂದಿನ ತಂತಿಯ ಮುಂದಿನ ಅಂಚಿನ ತನಕ ವರ್ನಿಯರ್ ಹಿಡೀರಿ, ಎರಡೂ ತಂತಿ ಒಂದ ದಪ್ಪ ಇದ್ರ ಅದು ನಡು ನಡು ಹಿಡದಂಗ ಆತು. ಗಾಲಿ ಒಂದು ಬದಿಗೆ ಜಗ್ಗಿ ಹಿಡದು ಅಳೀರಿ, ಆಕ್ಸಲ್ ಲೂಸ್ ಇದ್ರ ಅಳತಿ ಅಲ್ಲಾಡ್ತೈತಿ. ಎರಡೂ ಬದಿಗೆ ತಗೊಂಡು ಸರಾಸರಿ ಮಾಡೋದು ಬೇಸ್.

ನಂಗ ಬಂದದ್ದು 39.2 ಮಿಲಿಮೀಟರ್. ಖರೇ ಪೋರ್ಶೆ 911 ಟರ್ಬೋ, ಆ ಕಾಲದ್ದು, ವೀಲ್‌ಬೇಸ್ 2272 ಮಿಲಿಮೀಟರ್. ಭಾಗಿಸಿದ್ರ 57.96, ಅಂದ್ರ 1:58. ಅಳತ್ಯಾಗ ಅರ್ಧ ಮಿಲಿಮೀಟರ್ ತಪ್ಪಿದ್ರೂ ಉತ್ತರ 57ರಿಂದ 59ರ ನಡುವ ಬರ್ತೈತಿ, ಹಂಗಾಗಿ ಪಾಯಿಂಟ್ ಮುಂದಿನ ಅಂಕಿ ಕಾರ್ಡ್ ಮ್ಯಾಲ ಬರ್ಯಾಕ ಹೋಗಬ್ಯಾಡ್ರಿ, ಅದು ಸುಮ್ಮ ಶಾಣ್ಯಾತನ. 1:64 ಆಗಿದ್ರ ವೀಲ್‌ಬೇಸ್ 35.5 ಇರ್ಬೇಕಿತ್ತು, ಹೆಚ್ಚು ಕಡಿಮಿ 4 ಮಿಲಿಮೀಟರ್ ವ್ಯತ್ಯಾಸ, ಕಣ್ಣಿಗೇ ಕಾಣ್ತೈತಿ. ಕಾಕಾ ಕೇಳಿದ್ರು, "ಎಲ್ಲಾ ಮಂದಿ 1:64 ಅಂತಾರಲ್ಲೋ?" ಅಂತ. ಅದು ಮಾತಿಗೆ ಹೇಳೋದು ಕಾಕಾ, ಮ್ಯಾಚ್‌ಬಾಕ್ಸ್‌ನವ್ರು ಡಬ್ಬಿ ಅಳತಿಗೆ ಕಾರು ಮಾಡಿದ್ರು, ಡಬಲ್ ಡೆಕ್ಕರ್ ಬಸ್ಸೂ ಅಷ್ಟ ದೊಡ್ಡ ಡಬ್ಬ್ಯಾಗ, ಸ್ಪೋರ್ಟ್ಸ್ ಕಾರೂ ಅಷ್ಟ ಡಬ್ಬ್ಯಾಗ, ಹಂಗಾಗಿ ಸ್ಕೇಲ್ ಗಾಡಿಗೊಂದು ಗಾಡಿಗೊಂದು ಅಂದೆ.

ಇಷ್ಟೆಲ್ಲಾ ಓದೋಕಿಂತ ಮೊದ್ಲ ನೋಡೋದು ಒಂದೈತಿ, ರಿವೆಟ್. ತಳ ಈ ಕಾರಿಂದ ಹೌದಿಲ್ಲೋ ಅನ್ನೋದ ಗೊತ್ತಿಲ್ಲಾ ಅಂದ್ರ ತಳ ಓದಿ ಏನ್ ಮಾಡೋದು. ಬಾಡಿಯ ಕಂಬ ತಳದ ತೂತಿನ್ಯಾಗಿಂದ ಹೊರಗ ಬಂದು ತಲಿ ಚಪ್ಪಟಿ ಆಗಿರ್ತೈತಿ, ಫ್ಯಾಕ್ಟರಿದಾದ್ರ ತಲಿ ಪೂರ್ತಿ ದುಂಡಗ, ತಳದಷ್ಟ ಹಳೇ ಬಣ್ಣ. ಯಾರರೆ ಡ್ರಿಲ್ ಹೊಡದು ಬಿಚ್ಚಿದ್ರ ನಡುವ ತಗ್ಗು, ಹೊಳ್ಯೋ ಬಳಿ, ಅಂಟು, ಇಲ್ಲಾ ಸಣ್ಣ ಸ್ಕ್ರೂ ಇರ್ತೈತಿ. ಬಣ್ಣ ಹೊಡ್ಯಾಕ ಬಿಚ್ಚಿರ್ಬಹುದು, ಅದು ತಪ್ಪಲ್ಲ, ಆದ್ರ ಇಂಗ್ಲೆಂಡ್ ತಳಕ್ಕ ಬ್ಯಾರೆ ಬಾಡಿ ಕೂಡ್ಸಿ ಮಾರೋವ್ರೂ ಅದಾರ. ಕಾಕಾನ ಕಾರಿನ ಎರಡೂ ರಿವೆಟ್ ಮುಟ್ಟಿರ್ಲಿಲ್ಲ. ಅಕ್ಷರದ ಅಂಚೂ ಚೂಪಿದ್ವು, ಅಸಲಿ ಕಾರಿನ ಮ್ಯಾಲ ಅಚ್ಚು ತಗದು ಮಾಡಿದ ನಕಲಿ ಆಗಿದ್ರ ಅಕ್ಷರ ಮೊಂಡ ಇರ್ತಾವ, ಕಾರೂ ಒಂಚೂರು ಸಣ್ಣ ಬರ್ತೈತಿ, ಯಾಕಂದ್ರ ಲೋಹ ಆರಿದಾಗ ಕುಗ್ಗತೈತಿ.

ಕಾರ್ಡ್ ಮ್ಯಾಲ ಬರದ್ದು: ಮ್ಯಾಚ್‌ಬಾಕ್ಸ್ ಪೋರ್ಶೆ ಟರ್ಬೋ, ಡಿಸೈನ್ 1978, ಅಚ್ಚು ಮಕಾವ್, 1982ರ ನಂತರ, ಸುಮಾರು 1:58 (ವೀಲ್‌ಬೇಸ್ ಅಳತಿ 39.2 ಮಿಮೀ), ರಿವೆಟ್ ಬಿಚ್ಚಿಲ್ಲ. ಬ್ರಾಕೆಟ್ಟಿನ್ಯಾಗ ಅಳತಿ ಯಾಕ ಹಾಕ್ತೇನಿ ಅಂದ್ರ ಮುಂದ ಯಾರರೆ ನನ್ನ ಸ್ಕೇಲ್ ಒಪ್ಲಿಲ್ಲಾ ಅಂದ್ರ ತಾವ ಅಳದು ನೋಡ್ಲಿ ಅಂತ. ಕಾಕಾ ಕಾರ್ಡ್ ಓದಿ ಸ್ವಲ್ಪ ಹೊತ್ತು ಬೇಜಾರು ಮಾಡ್ಕೊಂಡ್ರು, ಆಮ್ಯಾಲ ತಳದ ಫೋಟೋ ಮಾರಿದಾವಗ ಕಳ್ಸಿ "ಇಂಗ್ಲೆಂಡಿಂದು ಇದ್ರ ಕೊಡು, ಇದನ್ನ ವಾಪಸ್ ತಗೋ" ಅಂತ ಫೋನ್ ಹಚ್ಚಿದ್ರು. ಅವ ಇನ್ನೊಂದು ತೋರಸ್ತೀನಿ ಅಂದಾನ. ರೊಕ್ಕ ಕೊಡೋಕಿಂತ ಮೊದ್ಲು ನಂಬರ್ 3 ಇದ್ದ ಸಾಲಿಂದು ಒಂದು, ಎರಡೂ ರಿವೆಟ್ಟಿಂದು ಒಂದು, ಪಕ್ಕದ ಬೆಳಕಿನ್ಯಾಗ ಫೋಟೋ ತರಸ್ರಿ ಅಂತ ಹೇಳೀನಿ.