ಒಂದೇ ಆಸ್ಪತ್ರೆಯ ಬೆಡ್‌ಸೋರ್ ಲೆಕ್ಕ: ನನ್ನ ಸಿನಾಪ್ಸಿಸ್ ಪಾಸಾದದ್ದು ಹೀಗೆ

ಎಂ.ಎಸ್ಸಿ. ನರ್ಸಿಂಗ್‌ಗೆ ಈ ವಿಷಯ ಹಿಡಿದಾಗ ಸೀನಿಯರ್‌ಗಳು "ಬರೀ ಎಣಿಸೋದು ಥೀಸಿಸ್ ಆಗುತ್ತಾ? ಟೀಚಿಂಗ್ ಪ್ರೋಗ್ರಾಂ ಮಾಡಿ ಪ್ರೀ-ಟೆಸ್ಟ್, ಪೋಸ್ಟ್-ಟೆಸ್ಟ್ ಇಟ್ಟುಬಿಡು" ಅಂದಿದ್ದರು. ಈಗ ಅದೇ ಎಣಿಕೆಗೆ ಎಥಿಕ್ಸ್ ಕಮಿಟಿ ಒಪ್ಪಿಗೆ ಕೊಟ್ಟಿದೆ. ಖುಷಿಯಿಂದಲೇ ಬರೆಯುತ್ತಿದ್ದೇನೆ.

ಮೊದಲ ಕರಡು ಕೇಸ್‌ಶೀಟ್ ಆಧರಿಸಿತ್ತು. ಎಣಿಸಲೇಬೇಕೆಂದರೆ ಹಿರಿಯರು ಹೇಳಿದ ದಾರಿ ಅದು, ಖರ್ಚೂ ಇಲ್ಲ. ಆದರೆ ಕಮಿಟಿ ವಾಪಸ್ ಕಳಿಸಿತು. ಚರ್ಮ ಇನ್ನೂ ಒಡೆಯದ ಸ್ಟೇಜ್ 1 ಗಾಯವನ್ನು ಕೇಸ್‌ಶೀಟಿನಲ್ಲಿ ಬರೆಯುವವರು ತೀರಾ ಕಡಿಮೆ. ನಮ್ಮ ರೋಗಿಗಳ ಕಪ್ಪು ಚರ್ಮದಲ್ಲಿ ಕೆಂಪು ಎದ್ದು ಕಾಣುವುದೂ ಇಲ್ಲ. ಒತ್ತಿ ನೋಡಿದರಷ್ಟೇ ಸಾಲದು, ಸುತ್ತಲಿನ ಚರ್ಮಕ್ಕಿಂತ ಅಲ್ಲಿ ಬಿಸಿಯಿದೆಯೇ, ಗಟ್ಟಿಯಾಗಿದೆಯೇ, ನೋವಿದೆಯೇ ಎಂದು ಮುಟ್ಟಿ ತಿಳಿಯಬೇಕು. ಹಾಗಾಗಿ ಎರಡನೇ ಕರಡಿನಲ್ಲಿ ಒಂದೇ ದಿನ ರೋಗಿಗಳ ಮೈ ನೋಡುವ ಪಾಯಿಂಟ್ ಪ್ರಿವೆಲೆನ್ಸ್ ಬರೆದೆ.

"ಒಂದು ದಿನದಲ್ಲಿ ಆಗದ ಮಾತು" ಅಂದರು ಕಮಿಟಿಯವರು. ಲೆಕ್ಕ ಹಾಕಿ ತೋರಿಸಿದೆ. ಪ್ರಿವೆಲೆನ್ಸ್ 10%, ತಪ್ಪಿನ ಅಂತರ 3% ಹಿಡಿದರೆ n = 4pq/d² ಪ್ರಕಾರ 400 ಜನ ಬೇಕು. ನಮ್ಮಲ್ಲಿ ವಯಸ್ಕ ಒಳರೋಗಿಗಳೇ ಸುಮಾರು 450. ಇಷ್ಟು ಸಣ್ಣ ಗುಂಪಿಗೆ ಫೈನೈಟ್ ಪಾಪ್ಯುಲೇಶನ್ ಕರೆಕ್ಷನ್ ಹಾಕಿದರೆ 212ಕ್ಕೆ ಇಳಿಯುತ್ತದೆ. ಒಬ್ಬರಿಗೆ ಹತ್ತು ನಿಮಿಷ ಅಂದರೆ ಒಂದು ಜೋಡಿ ಆರು ಗಂಟೆಯಲ್ಲಿ 36 ಜನರನ್ನು ನೋಡುತ್ತದೆ. ಆರು ಜೋಡಿ ಸಾಕು! ಜೋಡಿಯಲ್ಲಿ ಇಬ್ಬರೂ ಬೇರೆಬೇರೆಯಾಗಿ ಸ್ಟೇಜ್ ಬರೆಯುತ್ತಾರೆ, ಹೊಂದದಿದ್ದರೆ ಮೂರನೆಯವರು ನೋಡುತ್ತಾರೆ. ಬೆಳಗಿನ ಸೆನ್ಸಸ್ ಪಟ್ಟಿಯಿಂದಲೇ ಹೆಸರು ಆರಿಸುವುದರಿಂದ ಮಧ್ಯಾಹ್ನ ವಾರ್ಡ್‌ನಿಂದ ಐಸಿಯುಗೆ ಹೋದವರು ಎರಡು ಸಲ ಸೇರುವುದಿಲ್ಲ. ಒಬ್ಬರಿಗೆ ಮೂರು ಗಾಯವಿದ್ದರೂ ಎಣಿಕೆಯಲ್ಲಿ ಒಬ್ಬರೇ.

ಖರ್ಚು ನನ್ನ ಕೈಯಿಂದಲೇ. ಹನ್ನೆರಡು ಜನರ ಊಟ, ಓಡಾಟಕ್ಕೆ ಏಳೆಂಟು ಸಾವಿರ, ಫಾರಂ ಪ್ರಿಂಟಿಗೆ ಎರಡರ ಹತ್ತಿರ ಅಂತ ಬಜೆಟ್‌ನಲ್ಲಿ ಹಾಕಿದ್ದೇನೆ. ಇನ್‌ಫ್ರಾರೆಡ್ ಥರ್ಮಾಮೀಟರ್‌ಗೆ ಕೊಟ್ಟ ಸಾವಿರ ಚಿಲ್ಲರೆ ಮಾತ್ರ ದಂಡ. ಬಿಸಿಯನ್ನು ಅಂಕಿಯಲ್ಲಿ ಹಿಡಿಯಬಹುದೇನೋ ಎಂದು ನನ್ನ ಹಿಮ್ಮಡಿ, ಗೆಳತಿಯರ ಹಿಮ್ಮಡಿಯ ಮೇಲೆಲ್ಲ ಪ್ರಯೋಗಿಸಿದೆ. ಫ್ಯಾನ್ ಹಾಕಿದರೆ ಒಂದು ಅಂಕಿ, ಆರಿಸಿದರೆ ಇನ್ನೊಂದು. ಕೈಬಿಟ್ಟೆ.

ಡೈಪರ್ ತೇವದಿಂದ ಸುಲಿದ ಚರ್ಮವನ್ನು ಸ್ಟೇಜ್ 2 ಎಂದು ಬರೆದರೆ ಪ್ರಿವೆಲೆನ್ಸ್ ಸುಳ್ಳೇ ಏರುತ್ತದೆ. ಮೂಳೆ ಉಬ್ಬಿನ ಮೇಲಿದೆಯೇ, ಅಂಚು ಸ್ಪಷ್ಟವಿದೆಯೇ ಎಂಬ ಎರಡು ಕಾಲಂ ಅದಕ್ಕೇ ಇಟ್ಟೆ. ಒಂದೇ ಸಲ ಮಗ್ಗುಲು ಬದಲಿಸಿ ಇಡೀ ಮೈ ನೋಡುವ ನಮ್ಮ ಕ್ರಮವನ್ನು ಮಾತ್ರ ಥೀಸಿಸ್ ಮುಗಿಯುವವರೆಗೆ ಹೇಳುವುದಿಲ್ಲ.

ಕಮಿಟಿ ಕೊನೆಗೆ ಕೇಳಿದ್ದು, ಮಗ್ಗುಲು ಬದಲಿಸಲೇ ಆಗದ ರೋಗಿಗಳನ್ನು ಏನು ಮಾಡುತ್ತೀರಿ ಎಂದು. ಅಪಾಯ ಹೆಚ್ಚಿರುವುದು ಅವರಿಗೇ, ಸದ್ದಿಲ್ಲದೆ ಬಿಟ್ಟರೆ ಅಂಕಿ ಇಳಿಯುತ್ತದೆ. ಅವರ ಬದಲು ಬೇರೆಯವರನ್ನು ಸೇರಿಸುವುದಿಲ್ಲ, "ನೋಡಲಾಗಲಿಲ್ಲ" ಎಂಬ ಸಾಲಿನಲ್ಲಿ ಬೆಡ್‌ಸೋರ್ ಅಪಾಯ ಅಳೆಯುವ ಬ್ರೇಡನ್ ಸ್ಕೋರ್ ಸಮೇತ ತೋರಿಸುತ್ತೇನೆ ಅಂದೆ. ಅಲ್ಲಿಗೇ ಸಹಿ ಬಿತ್ತು.